ಇಂಟರ್ನ್‌ಶಿಪ್ ಕ್ರೆಡಿಟ್: ಅನುಮತಿ ಪತ್ರದಿಂದ ವೈವಾವರೆಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳ ಪದವಿ ಕಾಲೇಜುಗಳಲ್ಲಿ ಇಂಟರ್ನ್‌ಶಿಪ್ ಮುಗಿಸಿದರೂ ಕ್ರೆಡಿಟ್ ಸಿಗದೆ ಒದ್ದಾಡುವ ಮಕ್ಕಳಿದ್ದಾರೆ. ಅವರಲ್ಲಿ ಹೆಚ್ಚಿನವರು ಕೆಲಸಕ್ಕೆ ಹೋಗಿರುತ್ತಾರೆ, ಆದರೆ ಕಾಗದ ಒಂದಕ್ಕೊಂದು ತಾಳೆಯಾಗಿರುವುದಿಲ್ಲ. ಇಲ್ಲಿನ ಉತ್ತರಗಳು ಮುಖ್ಯವಾಗಿ ಬಿ.ಕಾಂ. ಮತ್ತು ಬಿ.ಬಿ.ಎ. ವಿದ್ಯಾರ್ಥಿಗಳಿಗೆ. ಉದಾಹರಣೆಗೆ ತೆಗೆದುಕೊಂಡಿರುವುದು ಗಂಗಾವತಿ ಕಡೆಯ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕಪತ್ರದ ಕೆಲಸ ಕಲಿಯಲು ಹೋದ ಬಿ.ಕಾಂ. ವಿದ್ಯಾರ್ಥಿನಿಯ ಕಡತ.

ಎಷ್ಟು ಗಂಟೆ ಮಾಡಬೇಕು? ಒಬ್ಬೊಬ್ಬರು ಒಂದೊಂದು ಹೇಳುತ್ತಾರಲ್ಲ?

ಎಲ್ಲರೂ ಒಂದೊಂದು ಹೇಳುವುದಕ್ಕೆ ಕಾರಣವಿದೆ. ಯುಜಿಸಿ ಮಾರ್ಗಸೂಚಿಯಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆ. ಆ ಲೆಕ್ಕದಲ್ಲಿ ಮೂರು ವರ್ಷದ ಪದವಿಯ 2ರಿಂದ 4 ಕ್ರೆಡಿಟ್‌ಗೆ 60ರಿಂದ 120 ಗಂಟೆ ಬೇಕು. ಎಂಜಿನಿಯರಿಂಗ್ ಓದುವ ನಿಮ್ಮ ಅಕ್ಕನನ್ನೋ ಅಣ್ಣನನ್ನೋ ಕೇಳಿದರೆ ಒಂದು ಕ್ರೆಡಿಟ್‌ಗೆ 40ರಿಂದ 45 ಗಂಟೆ ಎನ್ನುತ್ತಾರೆ, ಏಕೆಂದರೆ ಎಐಸಿಟಿಇ ಲೆಕ್ಕ ಹಾಗಿದೆ. ಇಬ್ಬರೂ ಹೇಳುವುದು ಸರಿಯೇ, ಆದರೆ ಎರಡೂ ನಿಮ್ಮ ಲೆಕ್ಕವಲ್ಲ.

ನಿಮಗೆ ಅನ್ವಯಿಸುವುದು ನೀವು ಪ್ರವೇಶ ಪಡೆದ ವರ್ಷದ ಸಿಲಬಸ್ ಪುಸ್ತಕದಲ್ಲಿ ಇಂಟರ್ನ್‌ಶಿಪ್ ಎಂಬ ಪತ್ರಿಕೆಯ ಎದುರು ಅಚ್ಚಾಗಿರುವ ಗಂಟೆ. ನಿಮ್ಮ ಹಿಂದಿನ ಬ್ಯಾಚಿನವರ ಸಿಲಬಸ್ ಬೇರೆ ಇರಬಹುದು, ಹೊಸ ಪಠ್ಯಕ್ರಮ ಬಂದ ಮೇಲಂತೂ ಬೇರೆಯೇ ಇರುತ್ತದೆ. ಆ ಒಂದು ಪುಟವನ್ನು ಜೆರಾಕ್ಸ್ ಮಾಡಿಸಿ ಕಡತದ ಮೊದಲ ಹಾಳೆಯಾಗಿ ಇಡಿ. ನಮ್ಮ ಉದಾಹರಣೆಯ ವಿದ್ಯಾರ್ಥಿನಿಗೆ ಬೇಕಿದ್ದದ್ದು 2 ಕ್ರೆಡಿಟ್, 90 ಗಂಟೆ.

ಗಂಟೆಯಲ್ಲಿ ಊಟದ ಹೊತ್ತು ಸೇರುತ್ತದೆಯೇ?

ಸೇರಿಸಬೇಡಿ. ಬಸ್ಸಿನಲ್ಲಿ ಕೂತ ಹೊತ್ತೂ ಸೇರುವುದಿಲ್ಲ. ಈ ವಿದ್ಯಾರ್ಥಿನಿ ಬೆಳಿಗ್ಗೆ 10ಕ್ಕೆ ಹೋಗಿ ಸಂಜೆ 4ಕ್ಕೆ ಬರುತ್ತಿದ್ದಳು. ಅರ್ಧ ಗಂಟೆ ಊಟಕ್ಕೆ ಹೋದರೆ ದಿನಕ್ಕೆ ಉಳಿಯುವುದು ಐದೂವರೆ ಗಂಟೆ. 2ನೇ ತಾರೀಕು ಸೋಮವಾರ ಶುರುಮಾಡಿ 21ನೇ ತಾರೀಕು ಶನಿವಾರದವರೆಗೆ ಭಾನುವಾರ ಬಿಟ್ಟು 18 ದಿನ. ನಡುವೆ ಒಂದು ಅಮಾವಾಸ್ಯೆ ಬಂತು, ಅಂದು ಹಮಾಲರು ಬರಲಿಲ್ಲ, ಮಿಲ್ಲು ಬಂದ್. ಇನ್ನೊಂದು ದಿನ ಜ್ವರ. ಉಳಿದದ್ದು 16 ದಿನ, ಅಂದರೆ 88 ಗಂಟೆ. ಎರಡು ಗಂಟೆ ಕಡಿಮೆ ಬಿತ್ತು. 23ನೇ ತಾರೀಕು ಸೋಮವಾರ ಒಂದು ದಿನ ಹೆಚ್ಚಿಗೆ ಹೋಗಿದ್ದರಿಂದ 93 ಗಂಟೆ 30 ನಿಮಿಷ ಆಯಿತು. ಕಡಿಮೆ ಬಿದ್ದದ್ದು ಮಿಲ್ಲಿನಲ್ಲಿ ಇದ್ದಾಗಲೇ ಗೊತ್ತಾದರೆ ಒಂದು ದಿನದ ಕೆಲಸ. ವೈವಾ ದಿನ ಗೊತ್ತಾದರೆ ಒಂದು ಸೆಮಿಸ್ಟರಿನ ಕೆಲಸ. ಹಾಗಾಗಿ ಪ್ರತಿ ಶನಿವಾರ ಕೂಡಿ ನೋಡಿ.

ಯಾವ ಕಾಗದ ಮೊದಲು, ಯಾವುದು ಆಮೇಲೆ?

ಕಡತ ನೋಡುವವರು ಮೊದಲು ನೋಡುವುದು ತಾರೀಕುಗಳನ್ನು. ಮೊದಲು ನೀವು ಪ್ರಾಂಶುಪಾಲರಿಗೆ ವಿಭಾಗದ ಮುಖ್ಯಸ್ಥರ ಮೂಲಕ ಬರೆಯುವ ಅರ್ಜಿ, ಜೊತೆಗೆ ಪೋಷಕರ ಒಪ್ಪಿಗೆ ಪತ್ರ. ಅದರ ಮೇಲೆ ಕಾಲೇಜು ಸಂಸ್ಥೆಗೆ ಬರೆಯುವ ವಿನಂತಿ ಪತ್ರ. ಅದಕ್ಕೆ ಉತ್ತರವಾಗಿ ಸಂಸ್ಥೆ ಕೊಡುವ ಒಪ್ಪಿಗೆ ಪತ್ರ. ಆಮೇಲೆ ನೀವು ಹಾಜರಾದ ದಿನದ ವರದಿ, ಪ್ರತಿದಿನದ ಡೈರಿ, ಕೊನೆಗೆ ಸಂಸ್ಥೆಯ ಪ್ರಮಾಣಪತ್ರ, ಅದಾದ ಮೇಲೆ ನಿಮ್ಮ ವರದಿ. ಈ ಸಾಲಿನಲ್ಲಿ ಹಿಂದಿನ ಕಾಗದದ ತಾರೀಕು ಮುಂದಿನದಕ್ಕಿಂತ ಮೊದಲೇ ಇರಬೇಕು.

ಇಲ್ಲಿ ಎಡವುವವರೇ ಹೆಚ್ಚು. ಪರಿಚಯದ ಮಿಲ್ಲು, ಮಾಲೀಕರು ಅಪ್ಪನ ಗೆಳೆಯರು, “ನಾಳೆಯಿಂದ ಬಾ ತಂಗಿ” ಎಂದುಬಿಡುತ್ತಾರೆ. ವಿದ್ಯಾರ್ಥಿನಿ ಹೋಗಿಬಿಡುತ್ತಾಳೆ, ಪತ್ರ ಹತ್ತು ದಿನದ ಮೇಲೆ ಬರುತ್ತದೆ. ಆ ಹತ್ತು ದಿನ ಕಾಲೇಜಿನ ಲೆಕ್ಕದಲ್ಲಿ ನೀವು ಗೈರುಹಾಜರು, ಇಂಟರ್ನ್‌ಶಿಪ್ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಹಿಂದಿನ ತಾರೀಕು ಹಾಕಿಕೊಡಿ ಎಂದು ಆಫೀಸಿನಲ್ಲಿ ಕೇಳುವುದೂ ನಡೆಯುವುದಿಲ್ಲ. ಜಾವಕ ಪುಸ್ತಕದಲ್ಲಿ ಸಂಖ್ಯೆಗಳು ಸಾಲಾಗಿ ಏರುತ್ತ ಹೋಗುತ್ತವೆ, ಮಧ್ಯದಲ್ಲಿ ತೂರಿಸಲು ಜಾಗವಿರುವುದಿಲ್ಲ.

ಬೋನಫೈಡ್ ಇದ್ದರೆ ಸಾಲದೇ? ಮತ್ತೆ ವಿನಂತಿ ಪತ್ರ ಏಕೆ?

ಬೋನಫೈಡ್ ಹೇಳುವುದು ನೀವು ಈ ಕಾಲೇಜಿನ ವಿದ್ಯಾರ್ಥಿ ಎಂದಷ್ಟೇ. ಎಲ್ಲಿ, ಎಷ್ಟು ದಿನ, ಯಾವ ಕೆಲಸ, ಯಾರ ಜವಾಬ್ದಾರಿಯಲ್ಲಿ ಎಂಬುದು ವಿನಂತಿ ಪತ್ರದಲ್ಲಿ ಮಾತ್ರ ಇರುತ್ತದೆ. ಬಸ್ ಪಾಸಿಗೆ ಬೋನಫೈಡ್ ನಡೆಯುತ್ತದೆ, ಕ್ರೆಡಿಟ್‌ಗೆ ನಡೆಯುವುದಿಲ್ಲ.

ವಿನಂತಿ ಪತ್ರದಲ್ಲಿ ಏನು ಬರೆಯಬೇಕು?

ಕಾಲೇಜಿನ ಲೆಟರ್‌ಹೆಡ್ ಮೇಲೆ, ಜಾವಕ ಸಂಖ್ಯೆ ಮತ್ತು ತಾರೀಕಿನೊಂದಿಗೆ, ಒಂದೇ ಪುಟದಲ್ಲಿ ಇರಲಿ. ಮಿಲ್ ಮಾಲೀಕರಿಗೆ ಕೊಡುವ ಪತ್ರ ಕನ್ನಡದಲ್ಲಿದ್ದರೆ ಒಳ್ಳೆಯದು. ಅವರು ಓದಿ ಸಹಿ ಹಾಕುತ್ತಾರೆ, ಓದದೆ ಹಾಕಿದ ಸಹಿಯಿಂದ ಮುಂದೆ ತಕರಾರು. ಮಾದರಿ ಹೀಗಿದೆ:

> ಜಾವಕ ಸಂಖ್ಯೆ: ……  ದಿನಾಂಕ: ……
>
> ಇವರಿಗೆ: ಮಾಲೀಕರು / ವ್ಯವಸ್ಥಾಪಕರು, ……
>
> ವಿಷಯ: ಬಿ.ಕಾಂ. ವಿದ್ಯಾರ್ಥಿನಿಗೆ 90 ಗಂಟೆಗಳ ಇಂಟರ್ನ್‌ಶಿಪ್‌ಗೆ ಅವಕಾಶ ಕೋರಿ.
>
> ಮಾನ್ಯರೆ,
>
> ನಮ್ಮ ಕಾಲೇಜಿನ ಬಿ.ಕಾಂ. …… ಸೆಮಿಸ್ಟರಿನ ಕುಮಾರಿ ……, ನೋಂದಣಿ ಸಂಖ್ಯೆ ……, ಇವರು ಪದವಿಯ ಭಾಗವಾಗಿ 90 ಗಂಟೆಗಳ ಇಂಟರ್ನ್‌ಶಿಪ್ ಪೂರೈಸಬೇಕಾಗಿದೆ. ತಮ್ಮ ಸಂಸ್ಥೆಯಲ್ಲಿ ದಿನಾಂಕ ……ರಿಂದ, ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ, ಭತ್ತದ ಖರೀದಿ ಮತ್ತು ಅಕ್ಕಿ ಮಾರಾಟದ ಲೆಕ್ಕಪತ್ರ ಇಡುವ ಕ್ರಮವನ್ನು ಕಲಿಯಲು ಅವಕಾಶ ಮಾಡಿಕೊಡಬೇಕೆಂದು ಕೋರುತ್ತೇವೆ. ಯಂತ್ರಗಳ ಬಳಿ ಇವರಿಗೆ ಕೆಲಸ ಕೊಡಬಾರದಾಗಿ ವಿನಂತಿ. ಕಾಲೇಜಿನಿಂದ ಮಾರ್ಗದರ್ಶಕರು: ……. ತಮ್ಮಲ್ಲಿ ಇವರ ಡೈರಿಗೆ ಸಹಿ ಹಾಕುವವರ ಹೆಸರು ಮತ್ತು ಹುದ್ದೆಯನ್ನು ಒಪ್ಪಿಗೆ ಪತ್ರದಲ್ಲಿ ತಿಳಿಸಬೇಕಾಗಿ ವಿನಂತಿ.
>
> ಪ್ರಾಂಶುಪಾಲರ ಸಹಿ ಮತ್ತು ಮೊಹರು

ಕೆಲಸ ಯಾವುದು ಎಂಬ ಸಾಲನ್ನು ಮಾತ್ರ ಸಡಿಲ ಬಿಡಬೇಡಿ. “ಇಂಟರ್ನ್‌ಶಿಪ್‌ಗೆ ಅವಕಾಶ ಕೊಡಿ” ಎಂದಷ್ಟೇ ಬರೆದರೆ ಬಿ.ಕಾಂ. ಓದುವ ಹುಡುಗ ಮೂರು ವಾರ ಚೀಲ ಎಣಿಸಿ ಬರುತ್ತಾನೆ. ವೈವಾದಲ್ಲಿ ಇದು ನಿಮ್ಮ ವಿಷಯಕ್ಕೆ ಹೇಗೆ ಸಂಬಂಧ ಎಂದು ಕೇಳಿದಾಗ ಉತ್ತರ ಇರುವುದಿಲ್ಲ. ಯಂತ್ರದ ಬಗೆಗಿನ ಸಾಲನ್ನು ಕೆಲವರು ಬಿಟ್ಟುಬಿಡುತ್ತಾರೆ. ಮಿಲ್ಲಿನಲ್ಲಿ ಬೆಲ್ಟು, ಎಲಿವೇಟರು ಓಡುವ ಕಡೆ ದುಪಟ್ಟಾ ಹಾಕಿಕೊಂಡ ಹುಡುಗಿ ನಿಲ್ಲುವುದು ನನಗಂತೂ ಸರಿ ಕಾಣುವುದಿಲ್ಲ, ಆದ್ದರಿಂದ ಅದು ಇರಲೇಬೇಕು ಎನ್ನುತ್ತೇನೆ.

ಎರಡು ಪ್ರತಿ ತೆಗೆದುಕೊಂಡು ಹೋಗಿ. ಒಂದು ಅವರಿಗೆ, ಇನ್ನೊಂದರ ಮೇಲೆ “ಸ್ವೀಕರಿಸಿದೆ” ಎಂದು ತಾರೀಕು ಹಾಕಿಸಿ ಮೊಹರು ಒತ್ತಿಸಿಕೊಂಡು ಬನ್ನಿ.

ಮಿಲ್ಲಿನವರು ಒಪ್ಪಿಗೆ ಪತ್ರ ಬರೆಯಲು ಬೇಸರಪಡುತ್ತಾರೆ. ಫೋನಿನಲ್ಲಿ ಒಪ್ಪಿದರೆ ಆಗುವುದಿಲ್ಲವೇ?

ಆಗುವುದಿಲ್ಲ. ಆದರೆ ಅವರ ಬೇಸರಕ್ಕೂ ಅರ್ಥವಿದೆ, ಸುಗ್ಗಿಯ ಹೊತ್ತಿನಲ್ಲಿ ಗುಮಾಸ್ತರಿಗೆ ತಲೆ ಎತ್ತಲು ಪುರುಸೊತ್ತಿರುವುದಿಲ್ಲ. ನೀವೇ ನಾಲ್ಕು ಸಾಲು ಟೈಪ್ ಮಾಡಿಸಿಕೊಂಡು ಹೋಗಿ ಅವರ ಲೆಟರ್‌ಹೆಡ್ ಮೇಲೆ ಪ್ರಿಂಟ್ ತೆಗೆಸಿ. ಕಾಲೇಜಿನ ಪತ್ರದ ಜಾವಕ ಸಂಖ್ಯೆ, ನಿಮ್ಮ ಹೆಸರು, ಶುರುವಾಗುವ ತಾರೀಕು, ಡೈರಿಗೆ ಸಹಿ ಹಾಕುವವರ ಹೆಸರು ಇದ್ದರೆ ಸಾಕು. ಲೆಟರ್‌ಹೆಡ್ ಇಲ್ಲದ ದಲಾಲಿ ಅಂಗಡಿಯಾದರೆ ಬಿಳಿ ಹಾಳೆಯ ಮೇಲೆ ಅಂಗಡಿಯ ಮೊಹರು, ವಿಳಾಸ, ಎಪಿಎಂಸಿ ಲೈಸೆನ್ಸ್ ಸಂಖ್ಯೆ ಬರೆಸಿ.

ನಿಮ್ಮ ಹೆಸರು ಅಂಕಪಟ್ಟಿಯಲ್ಲಿ ಇದ್ದ ಹಾಗೆಯೇ ಇರಲಿ. ಮನೆಯಲ್ಲಿ ಕರೆಯುವ ಹೆಸರು ಒಂದು ಕಡೆ, ಇನಿಷಿಯಲ್ ಬಿಟ್ಟ ಹೆಸರು ಇನ್ನೊಂದು ಕಡೆ ಆದರೆ ಅಂಕ ಏರಿಸುವಾಗ ನೋಂದಣಿ ಸಂಖ್ಯೆಯೊಂದಿಗೆ ತಾಳೆ ನೋಡುವವರು ಕಡತವನ್ನು ವಾಪಸ್ ಕಳಿಸುತ್ತಾರೆ.

ಉಕ್ಕಿನ ಕಾರ್ಖಾನೆ, ವಿದ್ಯುತ್ ಸ್ಥಾವರ, ಸರ್ಕಾರಿ ಕಚೇರಿಗೂ ಇದೇ ಪತ್ರ ಸಾಕೇ?

ಪತ್ರ ಇದೇ, ದಾರಿ ಉದ್ದ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಶಕ್ತಿನಗರ ಅಥವಾ ಕುಡತಿನಿಯ ಉಷ್ಣ ವಿದ್ಯುತ್ ಸ್ಥಾವರ, ಹಟ್ಟಿ ಚಿನ್ನದ ಗಣಿ ಇಂಥ ಕಡೆ ಗೇಟಿನಲ್ಲಿ ಪತ್ರ ತೋರಿಸಿದರೆ ಒಳಗೆ ಬಿಡುವುದಿಲ್ಲ. ಮಾನವ ಸಂಪನ್ಮೂಲ ಅಥವಾ ತರಬೇತಿ ವಿಭಾಗಕ್ಕೆ ಬಹಳ ಮೊದಲೇ ಪತ್ರ ಹೋಗಬೇಕು, ಗೇಟ್ ಪಾಸ್ ಆಗಬೇಕು, ಸುರಕ್ಷತಾ ತರಗತಿ ಮುಗಿಯಬೇಕು. ಆ ತರಗತಿಯನ್ನೂ ಡೈರಿಯಲ್ಲಿ ಮೊದಲ ದಿನದ ಕೆಲಸವಾಗಿ ಬರೆಯಿರಿ. ಸರ್ಕಾರಿ ಕಚೇರಿಯಲ್ಲಿ ಪತ್ರವನ್ನು ಕಚೇರಿಯ ಮುಖ್ಯಸ್ಥರ ಹೆಸರಿಗೆ ಆವಕ ವಿಭಾಗದಲ್ಲಿ ಕೊಟ್ಟು ಸಂಖ್ಯೆ ಪಡೆಯಿರಿ. ಪರಿಚಯದ ನೌಕರರ ಕೈಗೆ ಕೊಟ್ಟರೆ ಅದು ಅವರ ಡ್ರಾಯರಿನಲ್ಲೇ ಇರುತ್ತದೆ.

ನಮ್ಮ ಮಾವನ ಮಿಲ್ಲಿನಲ್ಲೇ ಮಾಡಬಹುದೇ?

ಇದನ್ನು ಅರ್ಜಿ ಕೊಡುವಾಗಲೇ ಮಾರ್ಗದರ್ಶಕರಿಗೆ ಬಾಯಿ ಬಿಟ್ಟು ಹೇಳಿ. ಕೆಲವು ಕಾಲೇಜುಗಳು ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ಒಪ್ಪಿದರೂ ಡೈರಿಗೆ ಮಾವನ ಬದಲು ಗುಮಾಸ್ತರೋ ಲೆಕ್ಕಿಗರೋ ಸಹಿ ಹಾಕಲಿ. ಮುಚ್ಚಿಟ್ಟು ಮಾಡಿದರೆ ಪ್ರಮಾಣಪತ್ರದ ಅಡ್ಡಹೆಸರು ನೋಡಿಯೇ ಪರೀಕ್ಷಕರು ಕೇಳುತ್ತಾರೆ.

ಡೈರಿಯಲ್ಲಿ ಏನು ಬರೆಯಬೇಕು? ದಿನಾ ಒಂದೇ ಕೆಲಸ ತಾನೇ?

ಕಡತದಲ್ಲಿ ಇದಕ್ಕಿಂತ ತೂಕದ ಕಾಗದ ಇನ್ನೊಂದಿಲ್ಲ. ಪ್ರಮಾಣಪತ್ರವನ್ನು ಯಾರು ಬೇಕಾದರೂ ಒಂದೇ ದಿನದಲ್ಲಿ ಬರೆಸಿಕೊಂಡು ಬರಬಹುದು, ಹದಿನೇಳು ದಿನದ ಡೈರಿಯನ್ನು ಒಂದು ರಾತ್ರಿಯಲ್ಲಿ ಬರೆದರೆ ಗೊತ್ತಾಗುತ್ತದೆ. ಒಂದೇ ಪೆನ್ನು, ಒಂದೇ ಒತ್ತು, ಒಂದೇ ಓಟದ ಸಹಿಗಳು. ಅಮಾವಾಸ್ಯೆಯ ದಿನವೂ “ಭತ್ತ ಇಳಿಸುವುದನ್ನು ಗಮನಿಸಿದೆ” ಎಂಬ ಸಾಲು. ನಮ್ಮ ಕಡೆಯ ಪರೀಕ್ಷಕರಿಗೆ ಮಾರುಕಟ್ಟೆ ಎಂದು ಬಂದ್ ಇರುತ್ತದೆ ಎಂಬುದು ಗೊತ್ತಿರುತ್ತದೆ.

ಕೆಟ್ಟ ನಮೂದು ಹೀಗಿರುತ್ತದೆ: “ಇಂದು ಮಿಲ್ಲಿಗೆ ಹೋದೆ. ಖರೀದಿ ವಿಭಾಗದ ಬಗ್ಗೆ ತಿಳಿದುಕೊಂಡೆ. ಸಿಬ್ಬಂದಿ ಚೆನ್ನಾಗಿ ಸಹಕರಿಸಿದರು.” ಇದನ್ನು ಯಾವ ಮಿಲ್ಲಿಗಾದರೂ ಯಾವ ದಿನಕ್ಕಾದರೂ ಬರೆಯಬಹುದು.

ಆ ವಿದ್ಯಾರ್ಥಿನಿಯ ನಾಲ್ಕನೇ ದಿನದ ನಮೂದು ಹೀಗಿತ್ತು:

> 5ನೇ ತಾರೀಕು, ಗುರುವಾರ. 10.00ರಿಂದ 4.00, ಊಟ 1.30ರಿಂದ 2.00. ಒಟ್ಟು 5 ಗಂಟೆ 30 ನಿಮಿಷ.
>
> ಸೋನಾ ಮಸೂರಿ ಭತ್ತದ ಒಂದು ಲಾರಿ, 180 ಚೀಲ. ಕಾಟಾ ಚೀಟಿಯಲ್ಲಿ ತುಂಬಿದ ಲಾರಿ 20,820 ಕೆಜಿ, ಖಾಲಿ ಲಾರಿ 7,140 ಕೆಜಿ, ಉಳಿದದ್ದು 13,680. ಚೀಲಕ್ಕೆ 1 ಕೆಜಿಯಂತೆ ಖಾಲಿ ಚೀಲದ ತೂಕ 180 ಕೆಜಿ ಕಳೆದು 13,500 ಕೆಜಿ. 75 ಕೆಜಿಯ ಲೆಕ್ಕಕ್ಕೆ 180 ಚೀಲ. ಮಾಯಿಶ್ಚರ್ ಮೀಟರಿನಲ್ಲಿ ತೇವಾಂಶ ನೋಡುವುದನ್ನು ಕಂಡೆ. ಖರೀದಿ ಪುಸ್ತಕದಲ್ಲಿ ನಮೂದು ಮಾಡಿದೆ, ಗುಮಾಸ್ತರು ತಾಳೆ ನೋಡಿದರು.
>
> ಸಂದೇಹ: ಹಮಾಲಿ ಖರ್ಚನ್ನು ಭತ್ತದ ಬೆಲೆಗೇ ಸೇರಿಸಬೇಕೋ, ಬೇರೆ ಖಾತೆಗೋ?

ಇಲ್ಲಿ ಗಂಟೆ ಇದೆ, ಕೈಯಾರೆ ಮಾಡಿದ ಕೆಲಸ ಯಾವುದು, ನೋಡಿದ್ದು ಯಾವುದು ಎಂಬುದು ಬೇರೆಬೇರೆಯಾಗಿದೆ, ಕೂಡಿ ಕಳೆದರೆ ಸರಿಹೊಂದುವ ಅಂಕಿಗಳಿವೆ. ಕೊನೆಯ ಸಂದೇಹದ ಸಾಲು ನನಗೆ ಎಲ್ಲಕ್ಕಿಂತ ಇಷ್ಟ. ಖರೀದಿಯ ನೇರ ಖರ್ಚು ಸರಕಿನ ಬೆಲೆಗೆ ಸೇರುತ್ತದೆ ಎಂದು ತರಗತಿಯಲ್ಲಿ ಓದಿದ್ದು ಇಲ್ಲಿ ಲಾರಿಯಿಂದ ಇಳಿದು ಅವಳ ಮುಂದೆ ನಿಂತಿದೆ. ಎರಡು ದಿನದ ನಂತರದ ನಮೂದಿನಲ್ಲಿ ಅವಳೇ ಉತ್ತರ ಬರೆದಿದ್ದಾಳೆ.

ದಿನಾ ಒಂದೇ ಕೆಲಸ ಎನಿಸಿದರೆ ಅಂದು ಏನು ಬೇರೆಯಾಯಿತು ಎಂಬುದನ್ನು ಹಿಡಿಯಿರಿ. ತೇವ ಹೆಚ್ಚಿದ್ದ ಭತ್ತಕ್ಕೆ ಎಷ್ಟು ಕಡಿತವಾಯಿತು, ಕಾಟಾ ಚೀಟಿಗೂ ಚೀಲದ ಎಣಿಕೆಗೂ ವ್ಯತ್ಯಾಸ ಬಂದಾಗ ಯಾರು ಹೇಗೆ ಬಗೆಹರಿಸಿದರು, ತೌಡು ಮತ್ತು ನುಚ್ಚನ್ನು ಯಾವ ಖಾತೆಗೆ ಹಾಕಿದರು. ರಜೆಯ ದಿನ “ಮಿಲ್ಲು ಬಂದ್, ಗಂಟೆ ಇಲ್ಲ” ಎಂದು ಬರೆದು ಸಾಲು ಹೊಡೆಯಿರಿ. ಖಾಲಿ ಬಿಟ್ಟ ಪುಟಕ್ಕಿಂತ ಅದು ನಂಬಿಕೆ ಹುಟ್ಟಿಸುತ್ತದೆ.

ಸಹಿ ದಿನಾ ಬೇಕೇ?

ದಿನಾ ಆದರೆ ಒಳ್ಳೆಯದು. ಆಗದಿದ್ದರೆ ಎರಡು ಮೂರು ದಿನಕ್ಕೊಮ್ಮೆ, ಸಹಿಯ ಕೆಳಗೆ ಸಹಿ ಹಾಕಿದ ದಿನದ ತಾರೀಕು. ಸಹಿ ಹಾಕುವವರು ಒಪ್ಪಿಗೆ ಪತ್ರದಲ್ಲಿ ಹೆಸರಿಸಿದವರೇ ಆಗಿರಲಿ. ಅವರು ಮಧ್ಯದಲ್ಲಿ ಕೆಲಸ ಬಿಟ್ಟರೆ ಮಾಲೀಕರಿಂದ ಬದಲಿಯವರ ಹೆಸರನ್ನು ಒಂದು ಸಾಲಿನಲ್ಲಿ ಬರೆಸಿ ಕಡತಕ್ಕೆ ಸೇರಿಸಿ. ಕಾಲೇಜಿನ ಮಾರ್ಗದರ್ಶಕರಿಗೂ ವಾರಕ್ಕೊಮ್ಮೆ ಡೈರಿ ತೋರಿಸಿ, ಅವರ ಸಹಿಯೂ ಬೀಳಲಿ.

ಬಿಲ್ಲುಗಳ ಫೋಟೊ, ಜೆರಾಕ್ಸ್ ಸಾಕ್ಷಿಯಾಗಿ ಹಾಕಬಹುದೇ?

ಕೇಳಿ ಹಾಕಿ, ಮುಚ್ಚಿ ಹಾಕಿ. ಭತ್ತದ ಖರೀದಿ ಬಿಲ್ಲಿನಲ್ಲಿ ರೈತರ ಹೆಸರು, ಊರು, ಮೊಬೈಲ್, ಕೆಲವೊಮ್ಮೆ ಬ್ಯಾಂಕ್ ಖಾತೆಯೂ ಇರುತ್ತದೆ. ಅದು ನಿಮ್ಮ ವರದಿಯಲ್ಲಿ ಬೈಂಡಾಗಿ ಲೈಬ್ರರಿ ಸೇರುವಂಥದ್ದಲ್ಲ. ಹೆಸರು, ಸಂಖ್ಯೆಗಳ ಮೇಲೆ ಬಿಳಿ ಚೀಟಿ ಅಂಟಿಸಿ ಜೆರಾಕ್ಸ್ ಮಾಡಿ, ಮಾಲೀಕರಿಗೆ ತೋರಿಸಿ. ದರ ಮತ್ತು ಲಾಭದ ಅಂಕಿಗಳನ್ನು ಅವರು ಬೇಡ ಎಂದರೆ ಬೇಡ. ಖಾಲಿ ನಮೂನೆಯಲ್ಲಿ ಕಾಲ್ಪನಿಕ ಅಂಕಿ ತುಂಬಿ ಕೆಳಗೆ “ಮಾದರಿ ಅಂಕಿಗಳು” ಎಂದು ಬರೆದರೂ ನಡೆಯುತ್ತದೆ. ಬಾಗಿಲಲ್ಲಿ ನಿಂತು ತೆಗೆಸಿಕೊಂಡ ಫೋಟೊ ಒಂದಿದ್ದರೆ ಸಾಕು, ಹನ್ನೆರಡು ಬೇಡ.

ವರದಿ ಎಷ್ಟು ಪುಟ? ಸಂಸ್ಥೆಯ ಇತಿಹಾಸ ಬರೆದರೆ ಆಗುತ್ತದೆಯೇ?

ಪುಟದ ಲೆಕ್ಕ ನಿಮ್ಮ ಸಿಲಬಸ್‌ನಲ್ಲಿದ್ದರೆ ಹಾಗೆ ಮಾಡಿ. ಇತಿಹಾಸ, ಧ್ಯೇಯ, ಸಂಘಟನೆಯ ಚಿತ್ರ ಎಂದು ಅರ್ಧ ವರದಿ ತುಂಬುವುದು ರೂಢಿಯಾಗಿಬಿಟ್ಟಿದೆ, ಪರೀಕ್ಷಕರು ಆ ಪುಟಗಳನ್ನು ಮಗುಚಿ ಮುಂದೆ ಹೋಗುತ್ತಾರೆ. ಎರಡು ಪುಟ ಸಾಕು ಅದಕ್ಕೆ.

ಒಂದು ಪ್ರಶ್ನೆ ಹಿಡಿದು ಬರೆಯಿರಿ. ಈ ವಿದ್ಯಾರ್ಥಿನಿ ಹಿಡಿದದ್ದು ಮಿಲ್ಲಿನಲ್ಲಿ ದಿನಾ ಕಣ್ಣಿಗೆ ಬೀಳುವ ಸಂಗತಿ: ಅಕ್ಕಿಯ ಚೀಲದ ಮೇಲೆ 25ರ ಬದಲು 26 ಕೆಜಿ ಎಂದು ಏಕೆ ಅಚ್ಚಾಗಿರುತ್ತದೆ? 2022ರ ಜುಲೈ 18ರಿಂದ 25 ಕೆಜಿವರೆಗಿನ, ಮೊದಲೇ ತುಂಬಿ ಲೇಬಲ್ ಹಚ್ಚಿದ ಅಕ್ಕಿಗೆ 5% ಜಿಎಸ್‌ಟಿ ಬಂತು. ಒಂದು ಕೆಜಿ ಹೆಚ್ಚಾದರೆ ಆ ತೆರಿಗೆಯ ವ್ಯಾಪ್ತಿಯಿಂದ ಚೀಲ ಹೊರಗೆ. ಅವಳು ಎರಡೂ ಬಗೆಯ ಮಾರಾಟದ ಬಿಲ್ಲು ಪಕ್ಕಪಕ್ಕ ಇಟ್ಟು, 10 ಕೆಜಿ ಪೊಟ್ಟಣದ ಬಿಲ್ಲಿನಲ್ಲಿ ತೆರಿಗೆಯ ಸಾಲು ಎಲ್ಲಿ ಬರುತ್ತದೆ, 26 ಕೆಜಿಯದರಲ್ಲಿ ಏನು ಬರೆಯುತ್ತಾರೆ, ಎರಡನ್ನೂ ಬೇರೆ ಬೇರೆ ಇಡದಿದ್ದರೆ ತಿಂಗಳ ರಿಟರ್ನ್ ತುಂಬುವಾಗ ಲೆಕ್ಕ ಹೇಗೆ ತಪ್ಪುತ್ತದೆ ಎಂದು ಬರೆದಳು. ವೈವಾದಲ್ಲಿ ಬಂದ ಪ್ರಶ್ನೆಗಳೆಲ್ಲ ಅದರ ಮೇಲೆಯೇ.

ಪ್ರಮಾಣಪತ್ರದಲ್ಲಿ “ಒಂದು ತಿಂಗಳು ಕೆಲಸ ಮಾಡಿದ್ದಾರೆ” ಎಂದು ಕೊಟ್ಟಿದ್ದಾರೆ. ಸರಿಯೇ?

ವಾಪಸ್ ಒಯ್ದು ತಿದ್ದಿಸಿ. ಮಾಲೀಕರು ಪ್ರೀತಿಯಿಂದಲೇ ತಿಂಗಳು ಎಂದು ಬರೆದಿರುತ್ತಾರೆ, ಆದರೆ ಡೈರಿ 2ರಿಂದ 23ರವರೆಗೆ ಇದ್ದು ಪ್ರಮಾಣಪತ್ರ 2ರಿಂದ 30 ಎಂದರೆ ಉಳಿದ ವಾರದ ಡೈರಿ ಎಲ್ಲಿ ಎಂಬ ಪ್ರಶ್ನೆ ಏಳುತ್ತದೆ. ಮೊದಲ ದಿನ, ಕೊನೆಯ ದಿನ, ಹಾಜರಾದ ದಿನಗಳು 17, ಒಟ್ಟು 93 ಗಂಟೆ 30 ನಿಮಿಷ, ಮಾಡಿದ ಕೆಲಸ, ಇವಿಷ್ಟು ಡೈರಿಯಿಂದಲೇ ಎತ್ತಿ ಬರೆಸಿ. ಪ್ರಮಾಣಪತ್ರದ ತಾರೀಕು ಕೊನೆಯ ದಿನ ಅಥವಾ ಅದರ ನಂತರದ್ದಾಗಿರಲಿ. 20ನೇ ತಾರೀಕಿಗೇ ಕೊಟ್ಟಿಟ್ಟರೆ, ಆಮೇಲಿನ ದಿನಗಳಿಗೆ ಆಧಾರವಿಲ್ಲ.

ಯಾವ ತಿಂಗಳಲ್ಲಿ ಹೋದರೆ ಒಳ್ಳೆಯದು?

ರೈಸ್ ಮಿಲ್ಲಿಗಾದರೆ ಕಾಲುವೆ ನೋಡಿ ಹೇಳಬೇಕು. ಮುಂಗಾರು ಬೆಳೆಯ ಭತ್ತ ನವೆಂಬರ್, ಡಿಸೆಂಬರ್‌ನಲ್ಲಿ ಬರುತ್ತದೆ. ಆಗ ಕಲಿಯಲು ಬೇಕಾದಷ್ಟಿದೆ, ಕಲಿಸಲು ಯಾರಿಗೂ ಹೊತ್ತಿಲ್ಲ, ನಿಮಗೂ ತರಗತಿ ಇರುತ್ತದೆ. ಬೇಸಿಗೆ ರಜೆಯಲ್ಲಿ ಹೋಗುವುದಾದರೆ ಆ ವರ್ಷ ತುಂಗಭದ್ರಾ ಕಾಲುವೆಗೆ ಎರಡನೇ ಬೆಳೆಗೆ ನೀರು ಬಿಟ್ಟಿದ್ದಾರೆಯೇ ಎಂದು ಕೇಳಿಕೊಳ್ಳಿ. ಬಿಡದ ವರ್ಷ ಖರೀದಿ ಕಡಿಮೆ, ಆಗ ಪತ್ರದಲ್ಲಿ ಖರೀದಿಯ ಬದಲು ಮಾರಾಟ, ಸ್ಟಾಕ್, ಜಿಎಸ್‌ಟಿ ಲೆಕ್ಕ ಎಂದು ಬರೆಸಿ.

ಸಂಬಳ ಕೇಳಬಹುದೇ? ದುಡ್ಡು ಕೊಟ್ಟರೆ ಆನ್‌ಲೈನ್‌ನಲ್ಲಿ ಸರ್ಟಿಫಿಕೇಟ್ ಸಿಗುತ್ತದಂತೆ?

ಸಂಬಳ ಕೊಡಲೇಬೇಕೆಂದಿಲ್ಲ, ಕೊಟ್ಟರೆ ತೆಗೆದುಕೊಳ್ಳಿ, ಕ್ರೆಡಿಟ್‌ಗೆ ಅಡ್ಡಿಯಿಲ್ಲ. ದುಡ್ಡು ಕಟ್ಟಿಸಿಕೊಂಡು ಸರ್ಟಿಫಿಕೇಟ್ ಕಳಿಸುವವರ ಬಳಿ ಡೈರಿಗೆ ಸಹಿ ಹಾಕುವ ಮನುಷ್ಯ ಇರುವುದಿಲ್ಲ. ಅಲ್ಲಿಗೆ ಮುಗಿಯಿತು.

ಪಿಎಂ ಇಂಟರ್ನ್‌ಶಿಪ್ ಯೋಜನೆಗೆ ಅರ್ಜಿ ಹಾಕಿದರೆ ಇದಕ್ಕೂ ಆಗುತ್ತದೆಯೇ?

ಇಲ್ಲ. 2024ರಲ್ಲಿ ಶುರುವಾದ ಆ ಯೋಜನೆ ಪೂರ್ಣಾವಧಿ ಓದಿನಲ್ಲಿ ಇಲ್ಲದವರಿಗೆ. ನೀವು ರೆಗ್ಯುಲರ್ ಪದವಿಯಲ್ಲಿದ್ದೀರಿ. ಪದವಿ ಮುಗಿದ ಮೇಲೆ ನೋಡಿ.

ಕಡತ ಕೊಟ್ಟ ಮೇಲೆ ನನ್ನ ಬಳಿ ಏನು ಇಟ್ಟುಕೊಳ್ಳಬೇಕು?

ಎಲ್ಲದರ ಒಂದು ಜೆರಾಕ್ಸ್ ಸೆಟ್ಟು, ಡೈರಿಯ ಪ್ರತಿ ಪುಟವೂ ಸೇರಿ. ಕಾಲೇಜಿಗೆ ಕೊಟ್ಟ ತಾರೀಕು ಹಾಕಿ ಮಾರ್ಗದರ್ಶಕರ ಸಹಿ ಇರುವ ಸ್ವೀಕೃತಿ. ಫಲಿತಾಂಶದಲ್ಲಿ ಇಂಟರ್ನ್‌ಶಿಪ್ ಎದುರು ಗೈರುಹಾಜರು ಎಂದು ಬಂದರೆ ಈ ಸ್ವೀಕೃತಿಯನ್ನು ಅರ್ಜಿಯ ಜೊತೆ ಹಚ್ಚಿ ಮೊದಲು ಕಾಲೇಜಿನ ಪರೀಕ್ಷಾ ವಿಭಾಗಕ್ಕೆ ಕೊಡಿ, ಅಲ್ಲಿಂದ ಅದು ವಿಶ್ವವಿದ್ಯಾಲಯಕ್ಕೆ ಹೋಗಬೇಕು. ನೀವೇ ನೇರ ವಿಶ್ವವಿದ್ಯಾಲಯಕ್ಕೆ ಬಸ್ಸು ಹತ್ತಿದರೆ “ಕಾಲೇಜಿನ ಮೂಲಕ ಬನ್ನಿ” ಎಂದು ವಾಪಸ್ ಕಳಿಸುತ್ತಾರೆ.